ಹದಿನೈದರ ಮೇಲಿನ ಕೂಗು

ಬೆಳಗ್ಗೆ ಎಂಟಾದರೆ ಸಾಕು, ನಮ್ಮ ಮನೆಯ ಗೋಡೆ ಗುರ್ ಎನ್ನಲು ಶುರುಮಾಡುತ್ತದೆ. ಗೋಡೆಯ ಆ ಕಡೆ ನನ್ನ ಓರಗಿತ್ತಿಯ ಮೋಟಾರ್ ಮಿಷನ್. ಈ ಕಡೆ ನಾನು, ನನ್ನ ಕಾಲಲ್ಲಿ ತುಳಿಯುವ ಹಳೇ ಮಿಷನ್, ಮತ್ತು ನನ್ನ ಬಲಮೊಣಕಾಲು. ನಾನು ಒಂದು ದಿಂಬಿನ ಚೀಲ ಹೊಲಿದು ದಾರ ಕತ್ತರಿಸುವಷ್ಟರಲ್ಲಿ ಅವಳು ಮೂರು ಹೊಲಿದು ಮಡಿಸಿಟ್ಟಿರುತ್ತಾಳೆ. ಸದ್ದಿನಲ್ಲೇ ಗೊತ್ತಾಗುತ್ತದೆ. ಗುರ್ ಎಂದು ನಿಂತರೆ ಒಂದು, ಮತ್ತೆ ಗುರ್ ಎಂದು ನಿಂತರೆ ಇನ್ನೊಂದು. ಬೇಡ ಬೇಡ ಎಂದರೂ ಕಿವಿ ಎಣಿಸುತ್ತದೆ. ಹೊಟ್ಟೆ ಉರಿಯುತ್ತದೆ. ಇದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ.

ಅವಳು ನನ್ನ ಮೈದುನನ ಹೆಂಡತಿ. ನಾನು ಅವಳಿಗೆ ಇಟ್ಟ ಹೆಸರು ಬೆಣ್ಣೆ. ಮಾತು ಹಾಗೆ, ನಡೆ ಹಾಗೆ. ಯಾರು ಬೈದರೂ "ಆಯ್ತು ಬಿಡಿ" ಎನ್ನುತ್ತಾಳೆ. ಈ ಮನೆಗೆ ನಾನು ಮೊದಲು ಬಂದವಳು, ಹೊಲಿಗೆ ಅವಳಿಗೆ ಕಲಿಸಿದವಳೂ ನಾನೇ. ಆದರೆ ನಮ್ಮತ್ತೆ ಇರುವುದು ಅವಳ ಮನೆಯಲ್ಲಿ. "ನಿನ್ನ ಬಾಯಿಗೆ ಹೆದರಿಕೊಂಡು ಆ ಕಡೆ ಹೋದೆ ಕಣೇ" ಎಂದು ನಗುನಗುತ್ತಲೇ ಹೇಳುತ್ತಾರೆ. ಆ ನಗುವಿಗೇ ನನಗೆ ಮೈಯೆಲ್ಲ ಉರಿಯುವುದು.

ಎಲ್ಲ ಶುರುವಾದದ್ದು ಬಟ್ಟೆ ಅಂಗಡಿ ಅಮ್ಮನ ಚೀಟಿಯಿಂದ. ನಾವಿಬ್ಬರೂ ಅವರ ಅಂಗಡಿಯಲ್ಲೇ ಬಟ್ಟೆ, ದಾರ, ಗುಂಡಿ ಕೊಳ್ಳುವವರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಥಾನುಗಳ ಮಧ್ಯೆ ಚಾಪೆ ಹಾಸಿ ಅವರು ಚೀಟಿ ನಡೆಸುತ್ತಾರೆ. ಹತ್ತು ಜನ, ಹತ್ತು ತಿಂಗಳು, ತಿಂಗಳಿಗೆ ತಲಾ ಹತ್ತು ಸಾವಿರ. ಪ್ರತಿ ತಿಂಗಳೂ ಒಂದು ಲಕ್ಷ ಸೇರುತ್ತದೆ, ಅದನ್ನು ಒಬ್ಬರು ಎತ್ತುತ್ತಾರೆ. ಯಾರು ಎತ್ತಬೇಕು ಅನ್ನುವುದಕ್ಕೆ ಹರಾಜು. ದುಡ್ಡಿನ ಅವಸರ ಇರುವವರು "ನಾನು ಇಷ್ಟು ಬಿಡ್ತೀನಿ" ಎಂದು ಕೂಗುತ್ತಾರೆ. ಯಾರು ಜಾಸ್ತಿ ಬಿಡುತ್ತಾರೋ ಅವರಿಗೆ ಆ ತಿಂಗಳ ಚೀಟಿ. ಬಿಟ್ಟ ದುಡ್ಡಿನಲ್ಲಿ ಐದು ಸಾವಿರ ಅಮ್ಮನ ಕಮಿಷನ್, ಉಳಿದದ್ದು ಹತ್ತೂ ಜನಕ್ಕೆ ಸಮನಾಗಿ ಪಾಲು. ಆ ಪಾಲನ್ನು ಕಳೆದು ಅವತ್ತಿನ ಕಂತು ಕಟ್ಟಿದರಾಯಿತು. ಒಮ್ಮೆ ಎತ್ತಿದವರು ಮತ್ತೆ ಕೂಗುವ ಹಾಗಿಲ್ಲ, ಕಂತು ಮಾತ್ರ ಕೊನೆಯವರೆಗೂ ಕಟ್ಟಬೇಕು. ಕೊನೆಯ ತಿಂಗಳು ಒಬ್ಬರೇ ಉಳಿದಿರುತ್ತಾರೆ. ಕೂಗಿಲ್ಲ, ಗಲಾಟೆಯಿಲ್ಲ, ಕಮಿಷನ್ ಕಳೆದು ತೊಂಬತ್ತೈದು ಸಾವಿರ ಕೈಗೆ.

ಆ ಕೊನೆಯ ಚೀಟಿ ನನ್ನದು ಎಂದು ನಾನು ಮೊದಲೇ ನಿಶ್ಚಯ ಮಾಡಿದ್ದೆ. ಮಗಳ ಕಾಲೇಜಿನ ಫೀಸು ಕಟ್ಟಬೇಕಾದದ್ದು ಸರಿಯಾಗಿ ಆ ಹೊತ್ತಿಗೆ. ಮುಂಚೆ ಎತ್ತಿದರೆ ದುಡ್ಡು ಮನೆಯಲ್ಲಿ ನಿಲ್ಲುವುದಿಲ್ಲ, ನನಗೆ ನನ್ನ ಮನೆ ಗೊತ್ತು. ಹಾಗಂತ ನನಗೆ ಮೋಟಾರ್ ಮಿಷನ್ ಬೇಡವಾಗಿತ್ತೇ? ಡಾಕ್ಟರು ಆಗಲೇ ಹೇಳಿದ್ದರು, "ತುಳಿಯೋದು ನಿಲ್ಲಿಸಮ್ಮ, ಇಲ್ಲಾಂದ್ರೆ ಇನ್ನೊಂದು ವರ್ಷಕ್ಕೆ ಈ ಮೊಣಕಾಲು ಮಡಚೋಕೇ ಬರಲ್ಲ." ನಿಲ್ಲಿಸಿ ಏನು ಮಾಡಲಿ, ಬೇರೆ ಕೆಲಸ ನನಗೆ ಬರುವುದಿಲ್ಲ. ಫೀಸೋ ಮಿಷನ್ನೋ ಎಂದಾಗ ಫೀಸು ಎಂದೆ. ಮೊಣಕಾಲಿನ ವಿಷಯ ಗಂಡನಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಬೆಣ್ಣೆಗಂತೂ ಹೇಳುವ ಮಾತೇ ಇಲ್ಲ.

ಮೊದಲನೆ ಹರಾಜಿನ ದಿನ ಬೆಣ್ಣೆ ನನ್ನ ಪಕ್ಕದಲ್ಲೇ ಕೂತಳು. ಅವಳು ಮಿಷನ್ ಅಂಗಡಿಗೆ ಆಗಲೇ ಮುಂಗಡ ಕೊಟ್ಟು ಬಂದಿದ್ದಾಳೆ ಎಂದು ಅತ್ತೆ ಬೆಳಗ್ಗೆಯೇ ಸಂಭ್ರಮದಿಂದ ಹೇಳಿದ್ದರು. ಪಾರ್ಲರ್ ನಡೆಸುವವಳು ಎಂಟು ಎಂದಳು. ಇನ್ಯಾರೋ ಹತ್ತು ಎಂದರು. ಹನ್ನೆರಡು, ಹದಿಮೂರು, ಹದಿನಾಲ್ಕು. ಬೆಣ್ಣೆ ಮೆಲ್ಲಗೆ "ಹದಿನೈದು" ಎಂದಳು. ಪಾರ್ಲರಿನವಳು ತಲೆ ಅಲ್ಲಾಡಿಸಿ ಬಿಟ್ಟಳು. ಅಮ್ಮ "ಹದಿನೈದು ಸಾವಿರ, ಒಂದು ಸಲ" ಎಂದರು.

ಇನ್ನೇನು ಮುಗಿಯಿತು. ಎಂಬತ್ತೈದು ಸಾವಿರ ಕೈಗೆ ಬರುತ್ತದೆ, ನಾಳೆ ಮಿಷನ್ ಬರುತ್ತದೆ, ನಾಡಿದ್ದು ಅತ್ತೆ ಬೀದಿಯವರನ್ನೆಲ್ಲ ಕರೆದು ತೋರಿಸುತ್ತಾರೆ. ಅಷ್ಟು ಸಲೀಸಾಗಿ ಅವಳಿಗೆ ಅದು ಸಿಗುತ್ತದಲ್ಲ ಅನ್ನಿಸಿತು. ನನ್ನ ಬಾಯಿ ತಾನಾಗಿ ತೆರೆಯಿತು.

"ಹದಿನೇಳು" ಎಂದೆ.

ಬೆಣ್ಣೆ ತಿರುಗಿ ನೋಡಿದಳು. "ಅಕ್ಕಾ, ನಿಮಗೆ ಕೊನೇದು ಬೇಕು ಅಂತಿದ್ರಲ್ಲ?"

"ಮನಸ್ಸು ಬದಲಾಯಿಸಬಾರದು ಅಂತ ಏನಾದ್ರೂ ಇದ್ಯಾ?"

ಅವಳು ಹದಿನೆಂಟು ಎಂದಳು. ನಾನು ಇಪ್ಪತ್ತು. ಅವಳು ಇಪ್ಪತ್ತೊಂದು. ನಾನು ಇಪ್ಪತ್ತನಾಲ್ಕು. ಸುತ್ತ ಕೂತವರ ಮುಖ ಅರಳುತ್ತಾ ಬಂತು, ಅರಳದೆ ಏನು, ನಾವು ಏರಿಸಿದ ಒಂದೊಂದು ಸಾವಿರದಲ್ಲೂ ಅವರಿಗೆ ತಲಾ ನೂರು. ಅವಳು ಮುಂಗಡ ಕೊಟ್ಟಿದ್ದಾಳೆ, ಹಿಂದೆ ಸರಿಯುವುದಿಲ್ಲ ಎಂಬ ಧೈರ್ಯ ನನಗೆ. ನಾನು ಇಪ್ಪತ್ತೊಂಬತ್ತು ಎಂದಾಗ ಮಾತ್ರ ಒಳಗೆ ಜೀವ ಬಾಯಿಗೆ ಬಂತು. ಅವಳೆಲ್ಲಾದರೂ "ಆಯ್ತು ಬಿಡಿ" ಎಂದುಬಿಟ್ಟರೆ ಚೀಟಿ ನನ್ನ ತಲೆಗೇ! ಬೆಣ್ಣೆ ಸ್ವಲ್ಪ ಹೊತ್ತು ಚಾಪೆಯ ಅಂಚು ಕೀಳುತ್ತಾ ಕೂತಿದ್ದಳು. ಆಮೇಲೆ "ಮೂವತ್ತು" ಎಂದಳು. ನಾನು ಸೆರಗು ಸರಿಮಾಡಿಕೊಂಡು ಗೋಡೆಗೆ ಒರಗಿದೆ.

ಮೂವತ್ತರಲ್ಲಿ ಐದು ಕಮಿಷನ್, ಉಳಿದ ಇಪ್ಪತ್ತೈದರಲ್ಲಿ ತಲಾ ಎರಡೂವರೆ ಸಾವಿರ ಪಾಲು. ಅವತ್ತು ಎಲ್ಲರೂ ಹತ್ತರ ಬದಲು ಏಳೂವರೆ ಸಾವಿರ ಕಟ್ಟಿ ನಗುನಗುತ್ತಾ ಎದ್ದರು. ಪಾರ್ಲರಿನವಳು ನನ್ನ ಬೆನ್ನು ತಟ್ಟಿ, "ನಿನ್ನಂಥವಳು ಒಬ್ಬಳಿದ್ರೆ ಸಾಕು ಕಣೆ, ಚೀಟಿ ಕಳೆಗಟ್ಟುತ್ತೆ" ಎಂದಳು. ಬೆಣ್ಣೆ ಎಪ್ಪತ್ತು ಸಾವಿರ ಎಣಿಸಿಕೊಂಡು, ಅದರಲ್ಲೇ ತನ್ನ ಏಳೂವರೆ ಕಟ್ಟಿ, ನನ್ನ ಜೊತೆಯೇ ಮನೆಗೆ ನಡೆದುಬಂದಳು. ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ. ಜಗಳವಾಡಿದ್ದರೂ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಆ ವಾರವೇ ಮಿಷನ್ ಬಂತು. ಒಂದು ಮಿಷನ್ನು, ಮತ್ತು ಉಳಿದ ದುಡ್ಡಿಗೆ ಕೊಂಡ ಎರಡು ಥಾನು ಸಮವಸ್ತ್ರದ ಬಟ್ಟೆ. ಆಸ್ಪತ್ರೆಯ ಹಾಸಿಗೆ ಬಟ್ಟೆಯ ಕೆಲಸ, ಸ್ಕೂಲಿನ ಅಂಗಿಗಳ ಕೆಲಸ ಒಂದೊಂದಾಗಿ ಆ ಕಡೆಗೆ ಹೋಯಿತು. ನನ್ನ ಹತ್ತಿರ ಬರುತ್ತಿದ್ದ ಗಿರಾಕಿಗಳೇ, "ಅವರು ಎರಡು ದಿನಕ್ಕೆ ಕೊಡ್ತಾರಂತೆ, ನೀವು ವಾರ ಅಂತೀರಿ" ಎಂದು ನನ್ನ ಬಾಗಿಲಲ್ಲೇ ನಿಂತು ಹೇಳಿ ಹೋಗುತ್ತಿದ್ದರು. ಅತ್ತೆ ಅವಳ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಗುಂಡಿ ಹಚ್ಚಿಕೊಡುತ್ತಿದ್ದರು. ನನಗೆ ಇಷ್ಟು ವರ್ಷದಲ್ಲಿ ಒಂದು ಗುಂಡಿ ಹಚ್ಚಿಕೊಟ್ಟವರಲ್ಲ ಆ ಪುಣ್ಯಾತ್ಗಿತ್ತಿ.

ನನಗಿದ್ದ ಸಮಾಧಾನ ಒಂದೇ. ಎಷ್ಟೇ ಕುಣಿದರೂ ಅವಳು ಚೀಟಿಯಲ್ಲಿ ಮೋಸಹೋದವಳು. ಪ್ರತಿ ತಿಂಗಳೂ ಕಂತು ಕಟ್ಟುವಾಗ ಅವಳ ಮುಖ ನೋಡುತ್ತಿದ್ದೆ. ಮೊದಲ ತಿಂಗಳ ಬಿಸಿಗೆ ಎರಡನೆಯದೂ ಇಪ್ಪತ್ತೆರಡಕ್ಕೆ ಹೋಯಿತು, ಆಮೇಲೆ ತಿಂಗಳಿಗೆ ಎರಡೆರಡು ಸಾವಿರ ಇಳಿಯುತ್ತಾ ಒಂಬತ್ತನೆಯದು ಎಂಟಕ್ಕೆ ನಿಂತಿತು. ಬಿಡುವ ದುಡ್ಡು ಇಳಿದಂತೆ ನಮ್ಮ ಪಾಲೂ ಇಳಿದು ಕಂತು ಏರುತ್ತಾ ಹೋಯಿತು. ಹತ್ತನೇ ತಿಂಗಳು ನಾನೊಬ್ಬಳೇ ಉಳಿದೆ. ತೊಂಬತ್ತೈದು ಸಾವಿರ ಎಣಿಸಿಕೊಂಡೆ, ಕೊನೆಯ ಕಂತು ಹತ್ತು ಸಾವಿರ ಅಲ್ಲೇ ಕಟ್ಟಿದೆ. ಉಳಿದದ್ದು ಮಾರನೆ ದಿನವೇ ಮಗಳ ಕಾಲೇಜಿಗೆ ಹೋಯಿತು. ಆದರೂ ಗೆದ್ದವಳು ನಾನೇ ತಾನೆ? ಅದನ್ನು ಲೆಕ್ಕ ಹಾಕಿ ಅವಳ ಮುಂದೆ, ಅತ್ತೆಯ ಮುಂದೆ ಹೇಳಬೇಕು ಅನ್ನಿಸಿತು.

ನಮ್ಮನೆಯವರು ಸರಕು ಗೋಡೌನಿನಲ್ಲಿ ಕ್ಯಾಷಿಯರು. ಭಾನುವಾರ ಬೆಳಗ್ಗೆ ಕಾಫಿ ಕುಡಿಯುತ್ತಾ ಪೇಪರ್ ಓದುತ್ತಿದ್ದವರ ಮುಂದೆ ಕಟಿಂಗ್ ಮಾಡುವ ಕಾಗದ ಹರವಿ, ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣ ಕೊಟ್ಟೆ.

"ನನ್ನ ಲಾಭ ಎಷ್ಟು, ಅವಳ ನಷ್ಟ ಎಷ್ಟು. ಹಾಕಿ."

"ಯಾಕೆ, ಪಟಾಕಿ ಹೊಡೀಬೇಕಾ?" ಎಂದರು. ಆದರೂ ಕ್ಯಾಲ್ಕುಲೇಟರ್ ತಂದರು. ಲೆಕ್ಕ ಎಂದರೆ ಅವರಿಗೂ ಪ್ರಾಣ.

"ಇಬ್ಬರೂ ಕಟ್ಟಿದ್ದು ಒಂದೇ, ಒಟ್ಟು ಎಂಬತ್ತೊಂಬತ್ತೂವರೆ ಸಾವಿರ. ನಿನಗೆ ಬಂದದ್ದು ತೊಂಬತ್ತೈದು. ಲಾಭ ಐದೂವರೆ ಸಾವಿರ. ಅವಳಿಗೆ ಬಂದದ್ದು ಎಪ್ಪತ್ತು. ಕೈಬಿಟ್ಟದ್ದು ಹತ್ತೊಂಬತ್ತೂವರೆ ಸಾವಿರ."

"ಐದೂವರೆ ಅಂದ್ರೆ ನೂರಕ್ಕೆ ಆರು. ಅಷ್ಟೇನಾ?" ನನಗೆ ಸ್ವಲ್ಪ ಸಪ್ಪೆಯಾಯಿತು.

"ಅಲ್ಲ ಕಣೇ. ನಿನ್ನ ದುಡ್ಡು ಪೂರ್ತಿ ಮೊದಲ ದಿನವೇ ಅಲ್ಲಿ ಹೋಗಿ ಕೂತಿತ್ತಾ? ಮೊದಲ ಕಂತು ಒಂಬತ್ತು ತಿಂಗಳು ಇತ್ತು. ಒಂಬತ್ತನೇ ಕಂತು ಒಂದೇ ತಿಂಗಳು. ಹತ್ತನೇದಂತೂ ಕೊಟ್ಟ ಕೈಯಲ್ಲೇ ವಾಪಸ್ ಬಂತು. ಯಾವ ಕಂತು ಎಷ್ಟು ತಿಂಗಳು ಇತ್ತೋ ಅಷ್ಟಕ್ಕೇ ಬಡ್ಡಿ ನೋಡಬೇಕು." ಒಂದಷ್ಟು ಒತ್ತಿದರು, ಅಳಿಸಿದರು, ಮತ್ತೆ ಒತ್ತಿದರು. "ತಿಂಗಳಿಗೆ ನೂರಕ್ಕೆ ಹತ್ತಿರ ಹತ್ತಿರ ಒಂದು ರೂಪಾಯಿ ನಲವತ್ತು ಪೈಸೆ. ವರ್ಷಕ್ಕೆ ಹದಿನಾರು ಹದಿನೇಳು. ಯಾವ ಬ್ಯಾಂಕೂ ಕೊಡಲ್ಲ ಹೋಗು."

ನನ್ನ ಎದೆ ಉಬ್ಬಿತು. "ಅವಳದ್ದು?"

"ಅವಳು ಎಪ್ಪತ್ತು ಎತ್ತಿ ಅದೇ ದಿನ ಏಳೂವರೆ ಕಟ್ಟಿದ್ದಾಳೆ. ಅಂದ್ರೆ ನಿಜವಾಗಿ ಕೈಗೆ ಸಿಕ್ಕ ಸಾಲ ಅರವತ್ತೆರಡೂವರೆ ಸಾವಿರ. ಆಮೇಲೆ ಒಂಬತ್ತು ತಿಂಗಳಲ್ಲಿ ಎಂಬತ್ತೆರಡು ಸಾವಿರ ಕಟ್ಟಿದಳು."

ಈ ಸಲ ನಾನೇ ಮುಂದಾಗಿ ಕ್ಯಾಲ್ಕುಲೇಟರ್ ಎಳೆದುಕೊಂಡೆ. "ಹತ್ತೊಂಬತ್ತೂವರೆ ಬಡ್ಡಿ, ನೂರಕ್ಕೆ ಮೂವತ್ತೊಂದು. ಒಂಬತ್ತು ತಿಂಗಳಿಗೆ ಭಾಗಿಸಿದರೆ ಮೂರೂವರೆ ರೂಪಾಯಿ ಬಡ್ಡಿ. ಅಯ್ಯೋ ಪಾಪ!"

"ಪಾಪ ಅನ್ನೋದಾದ್ರೆ ಪೂರ್ತಿ ಅನ್ನು. ಸಾಲ ಒಂಬತ್ತು ತಿಂಗಳೂ ಅಷ್ಟೇ ಇರಲಿಲ್ಲವಲ್ಲ, ತಿಂಗಳು ತಿಂಗಳೂ ತೀರಿಸ್ತಾ ಬಂದಿದ್ದಾಳೆ. ಕಮ್ಮಿ ಆಗ್ತಾ ಹೋದ ಸಾಲಕ್ಕೆ ಅಷ್ಟು ಬಡ್ಡಿ ಅಂದ್ರೆ ದರ ಇನ್ನೂ ಮೇಲಿರುತ್ತೆ. ಐದು ರೂಪಾಯಿ ಅಂತ ಇಟ್ಟು ನೋಡೋಣ. ಉಹೂಂ, ಕೊನೇ ಕಂತು ಪೂರ್ತಿ ಬೇಕಾಗಲ್ಲ, ಸಾಲ ಮುಂಚೆನೇ ತೀರುತ್ತೆ. ಆರು? ಬಾಕಿ ಉಳೀತು. ಐದು ಅರವತ್ತು..." ಒಂದೊಂದು ತಿಂಗಳಾಗಿ ಕಾಗದದ ಮೇಲೆ ಬರೆದರು. "ನೋಡು, ಮೊದಲನೇ ತಿಂಗಳು ಬಡ್ಡಿಯೇ ಮೂರೂವರೆ ಸಾವಿರ. ಕಟ್ಟಿದ್ದು ಎಂಟು ಸಾವಿರದ ಮುನ್ನೂರು. ಅಸಲಿಗೆ ಹೋದದ್ದು ನಾಲ್ಕು ಸಾವಿರದ ಎಂಟುನೂರು ಅಷ್ಟೇ. ಹೀಗೇ ಕಳೀತಾ ಬಂದ್ರೆ ಕೊನೇ ಕಂತಿಗೆ ಸಾಲ ಸೊನ್ನೆ. ಎಪ್ಪತ್ತೆಂಬತ್ತು ರೂಪಾಯಿ ಆಚೆ ಈಚೆ. ತಿಂಗಳಿಗೆ ಐದು ರೂಪಾಯಿ ಅರವತ್ತು ಪೈಸೆ ಬಡ್ಡಿ ಕಟ್ಟಿದ್ದಾಳೆ ಹುಡುಗಿ."

ನಾನು ಕುಣಿಯುವುದೊಂದು ಬಾಕಿ. ನನಗೆ ಒಂದು ನಲವತ್ತು ಬಂತು, ಅವಳದ್ದು ಐದು ಅರವತ್ತು ಹೋಯಿತು! ಕಾಗದ ಸುತ್ತಿಕೊಂಡು ಏಳುವವಳನ್ನು ಇವರು ಕೈಹಿಡಿದು ಕೂರಿಸಿದರು.

"ಇನ್ನೊಂದು ಲೆಕ್ಕ ಇದೆ. ಅದನ್ನೂ ನೋಡಿಕೊಂಡು ಹೋಗು. ಅವಳು ಹದಿನೈದು ಅಂದಾಗ ಎಲ್ಲರೂ ಬಿಟ್ಟಿದ್ರು ಅಂದೆಯಲ್ಲ? ಹದಿನೈದಕ್ಕೇ ನಿಂತಿದ್ರೆ ಅವಳಿಗೆ ಬೀಳ್ತಿದ್ದ ಬಡ್ಡಿ ತಿಂಗಳಿಗೆ ಒಂದೂವರೆ. ಅದರ ಮೇಲೆ ಏರಿದ್ದೆಲ್ಲ ನಿನ್ನ ಕೂಗು."

"ನನಗೂ ಪಾಲು ಬಂತಲ್ಲ!"

"ಬಂತು. ನೀನು ಏರಿಸಿದ ಹದಿನೈದು ಸಾವಿರದಲ್ಲಿ ನಿನಗೆ ಬಂದದ್ದು ಸಾವಿರದ ಐನೂರು. ಅವಳ ದುಡ್ಡೇ ಅವಳಿಗೆ ವಾಪಸ್ ಬಂದದ್ದು ಸಾವಿರದ ಐನೂರು. ಮಿಕ್ಕ ಹನ್ನೆರಡು ಸಾವಿರ ಪಾರ್ಲರಿಗೆ, ಇನ್ನೊಬ್ಬರಿಗೆ, ಮತ್ತೊಬ್ಬರಿಗೆ. ನಮ್ಮ ಮನೆ ದುಡ್ಡನ್ನ ಊರಿಗೆ ಹಂಚಿಬಿಟ್ಟೆ ನೋಡು, ಮಹಾರಾಯ್ತಿ." ನಗುತ್ತಲೇ ಹೇಳಿದರು. ಇವರೂ ಅವಳ ಪರ! "ನಿಮಗೂ ಆ ಬೆಣ್ಣೆ ತಾಗಿದೆ" ಎಂದು ಕಾಗದ ಕಿತ್ತುಕೊಂಡು ಎದ್ದೆ.

ಗೋಡೆಯ ಆ ಕಡೆ ಹೋದೆ. ಬೆಣ್ಣೆ ಅಂಗಿಗಳ ಕಾಲರ್ ತಿರುಗಿಸುತ್ತಾ ಕೂತಿದ್ದಳು. ಅತ್ತೆ ಗುಂಡಿ ಡಬ್ಬ ಮುಂದಿಟ್ಟುಕೊಂಡಿದ್ದರು. ಒಳ್ಳೆಯದೇ ಆಯಿತು.

"ಏನೇ, ನೀನು ಚೀಟಿಯಲ್ಲಿ ತಿಂಗಳಿಗೆ ಐದು ಅರವತ್ತು ಬಡ್ಡಿ ಕಟ್ಟಿದ್ದೀಯಂತೆ, ಗೊತ್ತಾ? ನನಗೆ ಒಂದು ನಲವತ್ತು ಬಂತು."

ಅವಳು ಮಿಷನ್ ನಿಲ್ಲಿಸಿದಳು. "ಜಾಸ್ತಿ ಅಂತ ಗೊತ್ತಿತ್ತು ಅಕ್ಕಾ. ಐದು ಅರವತ್ತು ಅಂತ ಗೊತ್ತಿರಲಿಲ್ಲ." ಕಾಲರಿನ ದಾರ ಕತ್ತರಿಸಿದಳು. "ಮಿಷನ್ ತಿಂಗಳಿಗೆ ಐದು ಸಾವಿರ ಜಾಸ್ತಿ ದುಡೀತು. ಒಂಬತ್ತು ತಿಂಗಳು ಅಂದ್ರೆ ನಲವತ್ತೈದು. ಹತ್ತೊಂಬತ್ತೂವರೆ ಅದರಲ್ಲೇ ಹೋಯ್ತು ಅನ್ಕೊಂಡ್ರಾಯ್ತು. ಆದ್ರೂ ಇಪ್ಪತ್ತೈದೂವರೆ ಉಳೀತು ಬಿಡಿ."

"ನನ್ನ ಸೊಸೆ ಲೆಕ್ಕದಲ್ಲಿ ಗಟ್ಟಿ" ಎಂದರು ಅತ್ತೆ, ಸೂಜಿಗೆ ದಾರ ಪೋಣಿಸುತ್ತಾ. ನಾನೂ ಅವರ ಸೊಸೆಯೇ. ಅದು ಅವರಿಗೆ ನೆನಪಿರಲಿಲ್ಲ.

ನನ್ನ ಐದೂವರೆ ಅವಳ ಇಪ್ಪತ್ತೈದೂವರೆಯ ಮುಂದೆ ಅಲ್ಲೇ ಸೊರಗಿಹೋಯಿತು. ಕಾದವಳಿಗೆ ಕಾದದ್ದಕ್ಕೆ ಕೂಲಿ ಸಿಕ್ಕಿತು, ದುಬಾರಿ ಬಡ್ಡಿ ಕಟ್ಟಿದವಳಿಗೆ ಮಿಷನ್ ಸಿಕ್ಕಿತು. ಮನೆಗೆ ಬಂದು ನಾನು ಹೊಲಿಯಲು ಕೂತರೆ ಮೊಣಕಾಲು ಮಡಚಲಿಲ್ಲ. ಬಿಸಿನೀರು ಹಾಕಿ, ಎಣ್ಣೆ ತಿಕ್ಕಿ, ಮತ್ತೆ ಕೂತೆ. ನಾಲ್ಕು ಹೊಲಿಗೆ ಹಾಕುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು. ಆಗ ನಿರ್ಧಾರ ಮಾಡಿದೆ. ಹೊಸ ಚೀಟಿ ಶುರುವಾಗುತ್ತಿದೆ, ಮೊದಲನೆಯದನ್ನು ಈ ಸಲ ನಾನೇ ಎತ್ತುತ್ತೇನೆ, ಎಷ್ಟಕ್ಕಾದರೂ ಸರಿ. ಇಲ್ಲದಿದ್ದರೆ ಈ ವರ್ಷ ನನ್ನ ಹೊಲಿಗೆ ಮುಗಿದಂತೆ.

ಬೆಲೆ ಕೇಳಿಕೊಂಡು ಬರೋಣವೆಂದು ಮಿಷನ್ ಅಂಗಡಿಗೆ ಹೋದೆ. ಅಂಗಡಿಯವನು ಮಾತುಗಾರ. ಹೋದ ವರ್ಷ ನಲವತ್ತೊಂದು ಇದ್ದದ್ದು ಈಗ ನಲವತ್ಮೂರು ಎಂದ. ಬಲಗಾಲು ಆಗುವುದಿಲ್ಲ, ಎಡಗಾಲಲ್ಲಿ ಒತ್ತುವ ಹಾಗೆ ಪೆಡಲ್ ಕೂರಿಸಬಹುದೇ ಎಂದು ಕೇಳಿದೆ.

"ಕೂರಿಸೋದೇನು, ಕೂರಿಸಿದ್ದೇ ಒಂದು ಬಿದ್ದಿದೆ ಒಳಗೆ" ಎಂದು ಗೋಡೌನಿನ ಬಾಗಿಲು ತೆಗೆದ. ಧೂಳು ಹಿಡಿದ ಮೇಜು. ಪೆಡಲು ಎಡಗಡೆಗಿತ್ತು. "ಹೋದ ವರ್ಷ ಒಬ್ಬರು ಹೇಳಿ ಮಾಡಿಸಿದ್ರು. ಜೋಡಿ ಮಿಷನ್ ಅಂತ ಮುಂಗಡ ಕೊಟ್ಟಿದ್ರು, ಎಂಬತ್ತೆರಡಕ್ಕೆ ಮಾತಾಗಿತ್ತು. ಒಂದು ತಮಗೆ, ಒಂದು ಮನೇಲಿ ಅಕ್ಕನಿಗೆ. ಅಕ್ಕ ಹೇಳಿಕೊಳ್ಳಲ್ಲ, ಆದ್ರೆ ಬಲಮೊಣಕಾಲು ಹಿಡ್ಕೊಂಡು ಏಳ್ತಾರೆ, ನಾನು ನೋಡಿದ್ದೀನಿ ಅಂದ್ರು. ಆಮೇಲೆ ಬಂದು, ಚೀಟಿ ದುಡ್ಡು ಅಂದ್ಕೊಂಡಷ್ಟು ಬರಲಿಲ್ಲ, ಒಂದೇ ಸಾಕು ಅಂತ ತಗೊಂಡು ಹೋದ್ರು. ಈ ಮೇಜು ಹಾಗೇ ಉಳೀತು. ಎಡಗಾಲಿನ ಗಿರಾಕಿ ಎಲ್ಲಿ ಸಿಗ್ತಾರೆ ಹೇಳಿ. ಕೂತು ನೋಡ್ತೀರಾ?"

ಕೂತೆ. ಎಡಗಾಲು ಪೆಡಲಿನ ಮೇಲೆ ಸರಿಯಾಗಿ ಕೂತಿತು. ಹದಿನೈದಕ್ಕೆ ನಿಂತಿದ್ದರೆ ಎಂಬತ್ತೈದು ಸಾವಿರ. ಎಂಬತ್ತೆರಡು ಜೋಡಿಗೆ, ಅದರಲ್ಲೂ ಮುಂಗಡ ಆಗಲೇ ಕೊಟ್ಟದ್ದು. ಈ ಲೆಕ್ಕಕ್ಕೆ ನನಗೆ ಗಂಡನೂ ಬೇಕಾಗಲಿಲ್ಲ, ಕ್ಯಾಲ್ಕುಲೇಟರೂ ಬೇಕಾಗಲಿಲ್ಲ. ಸಾವಿರದ ಐನೂರು ರೂಪಾಯಿ ಪಾಲಿಗೆ ನಾನು ಈ ಮೇಜನ್ನು ಮಾರಿಕೊಂಡಿದ್ದೆ.

ಅವಳು ನನ್ನನ್ನು ಕೂಲಿಗೆ ಕೂರಿಸಿಕೊಳ್ಳೋಣ ಅಂದುಕೊಂಡಿರಬೇಕು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಮನೆಯ ಹತ್ತಿರ ಬರುವಷ್ಟರಲ್ಲಿ ಆ ಮಾತಿಗೂ ಬಲವಿರಲಿಲ್ಲ. ಎರಡು ಮಿಷನ್ನು ಎಂದು ಅವತ್ತೇ ಬಾಯಿ ಬಿಟ್ಟು ಹೇಳಿದ್ದರೆ ಇವಳ ಗಂಟೇನು ಹೋಗುತ್ತಿತ್ತು? ಅಷ್ಟು ಒಳ್ಳೆಯವಳಾಗಲು ಇವಳಿಗೆ ಯಾರು ಹೇಳಿದ್ದು? ಅವಳ ಮೇಲೆ ಇನ್ನೂ ಸಿಟ್ಟು ಬಂತು. ವಿಷಯ ಗೊತ್ತಾಯಿತು ಎಂದು ನಾನು ಅವಳಿಗೆ ಹೇಳಲಿಲ್ಲ.

ಹೊಸ ಚೀಟಿಯ ಮೊದಲನೆ ಹರಾಜು. ಅದೇ ಕೋಣೆ, ಅದೇ ಚಾಪೆ, ಹತ್ತರಲ್ಲಿ ಎಂಟು ಅದೇ ಮುಖಗಳು. ಬೀದಿಯ ಕಡೆ ಒಂದು ಮಳಿಗೆ ಹಿಡಿಯಬೇಕು, ಅದಕ್ಕೆ ಅಡ್ವಾನ್ಸ್ ಹೊಂದಿಸಬೇಕು ಎಂದು ಬೆಣ್ಣೆ ಅತ್ತೆಯ ಹತ್ತಿರ ಹೇಳುತ್ತಿದ್ದದ್ದು ಗೋಡೆಯ ಆ ಕಡೆಯಿಂದ ನನಗೆ ಕೇಳಿಸಿತ್ತು. ಅವಳಿಗೂ ಮೊದಲನೆಯದೇ ಬೇಕು. ಹೋದ ವರ್ಷದ್ದನ್ನು ಇವತ್ತು ತೀರಿಸಿಕೊಳ್ಳುತ್ತಾಳೆ ಎಂದು ನಾನು ಸೊಂಟ ಕಟ್ಟಿಕೊಂಡೇ ಹೋಗಿದ್ದೆ. ಮೂವತ್ತಾದರೂ ಬಿಡುವುದಿಲ್ಲ ಎಂದು.

ಅಮ್ಮ ಶುರುಮಾಡಿದರು. ಪಾರ್ಲರಿನವಳು ಏಳು ಎಂದಳು. ನಾನು ಎಂಟು ಎಂದೆ. ಅವಳು ನಗುತ್ತಾ ಹತ್ತು ಎಂದಳು. ನಾನು "ಹನ್ನೊಂದು" ಎಂದೆ. ಎಲ್ಲರೂ ಬೆಣ್ಣೆಯ ಕಡೆ ನೋಡಿದರು. ಪಾರ್ಲರಿನವಳು ಅವಳ ತೊಡೆಗೆ ಚಿವುಟಿ, "ಕೂಗೇ! ಹೋದ ಸಲ ನಿನ್ನನ್ನ ಹೇಗೆ ಕುಣಿಸಿದಳು, ಈಗ ನಿನ್ನ ಸರದಿ" ಎಂದಳು. ನಮ್ಮಿಬ್ಬರ ಜಗಳದಿಂದ ತನಗೆ ಎಷ್ಟು ಪಾಲು ಬರುತ್ತದೆ ಎಂದು ಅವಳ ಕಣ್ಣಲ್ಲೇ ಕಾಣುತ್ತಿತ್ತು.

"ನನಗೆ ಈ ತಿಂಗಳು ಬೇಡ" ಎಂದಳು ಬೆಣ್ಣೆ.

"ಹನ್ನೊಂದು ಸಾವಿರ, ಒಂದು ಸಲ." ಅಮ್ಮ ಕಾದರು. "ಎರಡು ಸಲ." ನಾನು ಅವಳ ಬಾಯನ್ನೇ ನೋಡುತ್ತಿದ್ದೆ. ಅವಳು ತನ್ನ ಉಗುರಿನಲ್ಲಿ ಸಿಕ್ಕಿಕೊಂಡ ದಾರದ ಎಳೆ ಬಿಡಿಸುತ್ತಿದ್ದಳು. "ಮೂರು ಸಲ." ಎಂಬತ್ತೊಂಬತ್ತು ಸಾವಿರ ನನ್ನ ಮಡಿಲಿಗೆ ಬಂತು. ಎಲ್ಲರಿಗೂ ತಲಾ ಆರುನೂರು ಪಾಲು. ಒಂಬತ್ತು ಸಾವಿರದ ನಾನೂರು ಕಟ್ಟುತ್ತಾ ಪಾರ್ಲರಿನವಳು, "ಈ ಸಲ ಚೀಟಿ ಸಪ್ಪೆ" ಎಂದು ಗೊಣಗಿದಳು.

ಇಬ್ಬರೂ ಮನೆಗೆ ನಡೆದೆವು. ನನ್ನ ಮೊಣಕಾಲಿಗೆ ತಕ್ಕಂತೆ ಅವಳು ನಿಧಾನವಾಗಿ ನಡೆಯುತ್ತಿದ್ದಳು. ಎಷ್ಟು ವರ್ಷದಿಂದ ಹಾಗೆ ನಡೆಯುತ್ತಿದ್ದಾಳೋ, ನಾನು ಇವತ್ತು ನೋಡಿದೆ.

ತಡೆಯಲಾಗಲಿಲ್ಲ. "ಮಳಿಗೆಗೆ ದುಡ್ಡು ಬೇಕಿತ್ತಲ್ಲ ನಿನಗೆ. ಯಾಕೆ ಕೂಗಲಿಲ್ಲ?"

"ಮಳಿಗೆ ಮುಂದಿನ ತಿಂಗಳು ನೋಡ್ಕೊಂಡ್ರಾಯ್ತು ಬಿಡಿ."

"ಸುಮ್ಮನೆ ಏರಿಸಬಹುದಿತ್ತಲ್ಲ. ನಾನು ಏರಿಸಿದ ಹಾಗೆ."

ಅವಳು ನನ್ನ ಮುಖ ನೋಡಿದಳು. "ಏರಿಸಿದ್ರೆ ನೀವು ಮೂವತ್ತರವರೆಗೂ ಬರ್ತಿದ್ರಿ."

"ಬರ್ತಿದ್ದೆ."

"ಹನ್ನೊಂದರಿಂದ ಮೂವತ್ತು. ಅದರಲ್ಲಿ ನನಗೆ ಸಿಗ್ತಿದ್ದದ್ದು ಸಾವಿರದ ಒಂಬೈನೂರು" ಎಂದಳು ಬೆಣ್ಣೆ. "ಅಷ್ಟಕ್ಕೆ ಯಾಕಕ್ಕಾ?"

ಚುಚ್ಚಲೆಂದು ಹೇಳಿದಳೋ, ಸುಮ್ಮನೆ ಹೇಳಿದಳೋ, ನನಗೆ ಗೊತ್ತಾಗಲಿಲ್ಲ. ಅಂದರೆ ಅವಳು ಲೆಕ್ಕ ಹಾಕಿದ್ದಳು. ಆ ಚಾಪೆಯ ಮೇಲೆ ಕೂತು, ದಾರ ಬಿಡಿಸುತ್ತಾ, ಸಾವಿರದ ಒಂಬೈನೂರು ಎಂದು ಎಣಿಸಿ, ಬೇಡ ಎಂದು ಬಿಟ್ಟಿದ್ದಳು. ಹೋದ ವರ್ಷ ಅದೇ ಜಾಗದಲ್ಲಿ ಕೂತು ನನಗೆ ಸಾವಿರದ ಐನೂರನ್ನು ಬಿಡಲು ಆಗಿರಲಿಲ್ಲ.

ಅವಳು ನನ್ನ ಕೈಯಿಂದ ದುಡ್ಡಿನ ಚೀಲ ತೆಗೆದುಕೊಂಡು, ಮನೆಯ ಮೆಟ್ಟಿಲು ಹತ್ತಲು ಭುಜ ಕೊಟ್ಟಳು. ಅವಳ ಭುಜದ ಮೇಲೆ ಭಾರ ಹಾಕಿ ಒಂದೊಂದೇ ಮೆಟ್ಟಿಲು ಹತ್ತಿದೆ. ಮಿಷನ್ ಬರುತ್ತದೆ, ಎಡಗಾಲಿನ ಆ ಮೇಜೂ ಬರುತ್ತದೆ, ನಾಡಿದ್ದಿನಿಂದ ಗೋಡೆಯ ಈ ಕಡೆಯೂ ಗುರ್ ಎನ್ನುತ್ತದೆ. ಆದರೆ ಆ ಸಾವಿರದ ಒಂಬೈನೂರನ್ನು ಅವಳು ಅಷ್ಟು ಸಲೀಸಾಗಿ ಬಿಟ್ಟಳಲ್ಲ, ಅದನ್ನು ನಾನು ಯಾವ ಚೀಟಿಯಲ್ಲಿ ಎತ್ತಲಿ? ಹೊಟ್ಟೆ ಉರಿಯಿತು.